ಚೆಂಡು ದೂಡಿದ ನೀರು

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ. ಭೋಜದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನೀರಿನ ತೊಟ್ಟಿಯ ತಳದಿಂದ ಟೇಬಲ್ ಟೆನಿಸ್ ಚೆಂಡು ಬಿಟ್ಟು, ಮೊಬೈಲಿನಲ್ಲಿ ವಿಡಿಯೊ ಮಾಡಿ, ಅದರ ಆರಂಭದ ವೇಗೋತ್ಕರ್ಷ ಅಳೆದಿದ್ದಳು. ನೀರು ಮೇಲಕ್ಕೆ ದೂಡುವ ಬಲದಿಂದ ತೂಕ ಕಳೆದು, ಚೆಂಡಿನ ದ್ರವ್ಯರಾಶಿಯಿಂದ ಭಾಗಿಸಿದರೆ ಗುರುತ್ವದ ಹನ್ನೊಂದು ಪಟ್ಟು ಬರಬೇಕು. ಅವಳಿಗೆ ಬಂದದ್ದು ಸುಮಾರು ಒಂದೂವರೆ ಪಟ್ಟು.

“ಸರ್, ಚೆಂಡು ಸುತ್ತಲಿನ ನೀರನ್ನೂ ದೂಡಬೇಕಲ್ರಿ. ಅದನ್ನೂ ಕೂಡಿಸಬೇಕೇನೋ,” ಎಂದಳು.

“ಅಳತಿ ತಪ್ಪೈತಿ, ನೆಪ ಹೇಳಬ್ಯಾಡ,” ಎಂದು ವರದಿ ತಳ್ಳಿಹಾಕಿದೆ. ಮರುವರ್ಷ ಅವಳು ಭೌತಶಾಸ್ತ್ರವನ್ನೇ ಬಿಟ್ಟಳು.

ಎಷ್ಟೋ ದಿನಗಳ ಮೇಲೆ ದ್ರವಚಲನೆಯ ಪುಸ್ತಕವೊಂದರಲ್ಲಿ ಓದಿದೆ: ನೀರಿನಲ್ಲಿ ವೇಗ ಹೆಚ್ಚುವ ಗೋಲದ ದ್ರವ್ಯರಾಶಿಗೆ, ಅದು ತೆರವು ಮಾಡಿದ ನೀರಿನ ಅರ್ಧ ದ್ರವ್ಯರಾಶಿಯನ್ನೂ ಕೂಡಿಸಬೇಕು. ಲೆಕ್ಕ ಹಾಕಿದೆ, ಅವಳ ಉತ್ತರವೇ ಬಂತು. ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

“ಆಗ ಹೇಳಿದ್ರ ಬಿಡ್ತಿರಲಿಲ್ರಿ ಸರ್,” ಎಂದಳು.