ಮೇಲಿನ ಮಹಡಿಗೆ ಒಂದೇ ಕೇಬಲ್

ಗಡಿಯಾರ ಹನ್ನೊಂದರ ಹತ್ತಿರ ಬಂತೆಂದರೆ ನನಗೆ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಕೊಪ್ಪಳದ ಒಂದು ಕಚೇರಿಯಲ್ಲಿ ಜಮೀನಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದ ಕಾಲ ಅದು. ಅಲ್ಲಿ ಗುತ್ತಿಗೆಯ ಮೇಲೆ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಯಲಬುರ್ಗಾದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಹನ್ನೊಂದಕ್ಕೆ ಕೆಳಗಿನ ಹಾಲಿನಲ್ಲಿ ಇಪ್ಪತ್ತೆರಡು ಕಂಪ್ಯೂಟರುಗಳೂ ಒಟ್ಟಿಗೆ ಕೆಲಸಕ್ಕಿಳಿದವೆಂದರೆ ತೆರೆಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಕೌಂಟರಿನಲ್ಲಿ ಒಂದು ಪುಟ ತೆರೆಯಲು ಐದು ನಿಮಿಷ. ಜಮೀನಿನ ಕಾಗದದ ಪ್ರತಿಗಾಗಿ ಕುಷ್ಟಗಿಯಿಂದ ನಸುಕಿನಲ್ಲೇ ಹೊರಟು ಬಂದವರು ಕಿಟಕಿಯ ಕಂಬಿ ಹಿಡಿದು, "ಏನ್ರೀ, ಇವತ್ತರ ಸಿಗತೈತೋ ಇಲ್ಲೋ?" ಎಂದು ಕೇಳುತ್ತಿದ್ದರು. ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಅದೇ ಪುಟ ತಟ್ಟನೆ ತೆರೆಯುತ್ತಿತ್ತು. ಆಗ ತೆರೆದು ಯಾರಿಗೇನು ಉಪಯೋಗ?

ಒಂದು ದಿನ ಸಾಹೇಬರು ನನ್ನನ್ನು ಕರೆಸಿದರು. ನಿವೃತ್ತಿಗೆ ಹತ್ತಿರವಾದವರು, ಮೇಲಧಿಕಾರಿಗಳಿಂದ ದಿನಾ ಫೋನು ಬರುತ್ತಿತ್ತು.

"ಯಾವ ಕಂಪ್ಯೂಟರ ಭಾಳ ಡೇಟಾ ಎಳೀತೈತಿ, ಪಟ್ಟಿ ತಗದು ಕೊಡ್ರಿ ಮೇಡಂ."

ತೆಗೆದುಕೊಟ್ಟೆ. ಎರಡನೆಯ ಯೋಚನೆಯನ್ನೇ ಮಾಡಲಿಲ್ಲ. ಪಟ್ಟಿಯ ಮೊದಲಲ್ಲೇ ಇದ್ದದ್ದು ಗಂಗಾವತಿಯಿಂದ ಬರುತ್ತಿದ್ದ, ನಾನು ಅಕ್ಕ ಎನ್ನುತ್ತಿದ್ದ ಸಹೋದ್ಯೋಗಿಯ ಕಂಪ್ಯೂಟರು. ಸ್ಕ್ಯಾನ್ ಆದ ಪುಟಗಳನ್ನು ಸರ್ವರಿನಿಂದ ತೆರೆದು, ಸರ್ವೆ ನಂಬರು ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸ ಆಕೆಯದು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಊಟಕ್ಕೆ ಕೂತಾಗ ನನ್ನ ಡಬ್ಬಿಗೆ ಕೇಳದೆಯೇ ಶೇಂಗಾ ಚಟ್ನಿ ಹಾಕುವವಳು.

"ಈಕಿ ಸಿನಿಮಾ ನೋಡ್ತಾಳ, ಮತ್ತೇನ್ರಿ?" ಎಂದರು ಸಾಹೇಬರು. ನಾನು, "ನೋಡ್ತೀನಿ ಸರ, ಇನ್ನೊಂದೆರಡು ದಿನ..." ಎನ್ನುವಷ್ಟರಲ್ಲಿ ಅವರು ಬೇರೆ ಕಡತ ಎತ್ತಿಕೊಂಡಿದ್ದರು. ಸಂಜೆ ಆಕೆಗೆ ನಾಳೆಯಿಂದ ಬರಬೇಡ ಎಂದು ಹೇಳಿಬಿಟ್ಟರಂತೆ. ಆಕೆ ನನ್ನ ಮೇಜಿನ ಮುಂದೆ ಬಂದು ನಿಂತಳು. "ಪಟ್ಟಿ ನೀವ ಕೊಟ್ಟಿರಂತಲ್ರಿ?" ಅಷ್ಟೇ ಕೇಳಿದಳು. ನಾನು ಆಕೆಯ ಮುಖವನ್ನೇ ನೋಡಿದೆ. ಡಬ್ಬಿಯ ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಮರುದಿನ ಆಕೆಯ ಕಂಪ್ಯೂಟರಿನ ಒಂದೊಂದು ಕಡತವನ್ನೂ ಜಾಲಾಡಿದೆ. ಸಿನಿಮಾ ಇಲ್ಲ, ಹಾಡೂ ಇಲ್ಲ. ಇದ್ದದ್ದೆಲ್ಲ ಪುಟಗಳೇ. ಉಳಿದವರು ಒಂದು ಪುಟ ನೋಡುವ ಹೊತ್ತಿಗೆ ಆಕೆ ಎರಡು ಮುಗಿಸುತ್ತಿದ್ದಳು, ಅದಕ್ಕೇ ಪಟ್ಟಿಯಲ್ಲಿ ಮೇಲೆ ಬಂದಿದ್ದಳು. ಆಕೆ ಹೋದ ಮೇಲೂ ಹನ್ನೊಂದಕ್ಕೆ ತೆರೆಗಳು ನಿಂತವು.

ಆಮೇಲೆ ಕೆಳಕ್ಕೂ ಮೇಲಕ್ಕೂ ಮೆಟ್ಟಿಲು ಹತ್ತಿಳಿಯುವುದೇ ಆಯಿತು. ಮೇಲಿನ ಕೋಣೆಯ ಸರ್ವರ್ ಆರಾಮವಾಗಿತ್ತು. ಅಲ್ಲೇ, ಸರ್ವರಿನ ಪಕ್ಕದ ಸ್ವಿಚ್ಚಿಗೆ, ಅಂದರೆ ನೆಟ್‌ವರ್ಕಿನ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ, ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಸರಿಯಾಗಿ ಹನ್ನೊಂದೂವರೆ, ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಓಡಿ ಕೆಳಗೆ ಬಂದು ಹಾಲಿನ ಸ್ವಿಚ್ಚಿಗೆ ಸಿಕ್ಕಿಸಿದರೆ ತೆರೆಯಲೇ ಇಲ್ಲ. ಹಾಗಾದರೆ ತೊಂದರೆ ಇದ್ದದ್ದು ಎರಡು ಸ್ವಿಚ್ಚುಗಳ ನಡುವೆ. ನಡುವೆ ಇದ್ದದ್ದು ಮೆಟ್ಟಿಲ ಪಕ್ಕದ ಕೊಳವೆಯಲ್ಲಿ ಏರಿದ್ದ ಒಂದೇ ಒಂದು ಕೇಬಲ್. ಕೆಳಗೆ ಪ್ರತಿ ಕಂಪ್ಯೂಟರಿಗೂ ಸೆಕೆಂಡಿಗೆ ನೂರು ಮೆಗಾಬಿಟ್ ಮಾಹಿತಿ ಸಾಗಿಸುವ ತಂತಿ. ಮೇಲೆ ಹೋಗಲು ಇಪ್ಪತ್ತೆರಡಕ್ಕೂ ಸೇರಿ ನೂರರದೇ ಒಂದು. ಹತ್ತರ ತನಕ ನಾಲ್ಕೈದು ಜನ ಇದ್ದಾಗ ಸಾಕಾಗುತ್ತಿತ್ತು, ಎಲ್ಲರೂ ಕೂತಾಗ ಅದು ತುಂಬಿಹೋಗುತ್ತಿತ್ತು.

ಗೊತ್ತಾದ ಕೂಡಲೇ ನನಗೆ ತಡೆಯಲಾಗಲಿಲ್ಲ. ಕೊಳವೆಯಲ್ಲಿ ಇನ್ನೊಂದು ಕೇಬಲ್ ಎಳೆಸಿ, ಎರಡೂ ತುದಿಗಳನ್ನು ಸ್ವಿಚ್ಚುಗಳಿಗೆ ಸಿಕ್ಕಿಸಿಬಿಟ್ಟೆ. ಎರಡು ಕೇಬಲ್ ಸೇರಿ ಒಂದೇ ಎಂದು ಸ್ವಿಚ್ಚುಗಳಿಗೆ ಮೊದಲು ತಿಳಿಸಬೇಕಿತ್ತು, ತಿಳಿಸಲಿಲ್ಲ. ಹೀಗೆ ಹೋಗಲೊಂದು ಬರಲೊಂದು ದಾರಿಯಾಗಿ ಸುತ್ತು ಬಿದ್ದರೆ ಒಂದನ್ನು ತಾನೇ ಮುಚ್ಚುವ ವ್ಯವಸ್ಥೆ ಸ್ವಿಚ್ಚಿನಲ್ಲಿರುತ್ತದೆ. ನನಗಿಂತ ಮೊದಲಿದ್ದವರು ಯಾವಾಗಲೋ ಅದನ್ನು ನಿಲ್ಲಿಸಿಟ್ಟಿದ್ದರು. ಎಲ್ಲರಿಗೂ ಕೇಳಲೆಂದು ಕಂಪ್ಯೂಟರುಗಳು ಕಳಿಸುವ ಸಂದೇಶಗಳು ಒಂದು ಕೇಬಲ್ಲಿನಲ್ಲಿ ಏರಿ ಇನ್ನೊಂದರಲ್ಲಿ ಇಳಿದು ನಿಲ್ಲದೆ ಸುತ್ತತೊಡಗಿದವು. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗಿದವು. ಇಡೀ ಕಚೇರಿ ಸತ್ತಂತಾಯಿತು.

ಕೌಂಟರಿನ ಕಡೆ ಕೂಗಾಟ. ಸಾಹೇಬರು ಓಡಿ ಬಂದರು. "ಯಾರ್ ಮಾಡಿದ್ರಿ ಇದನ್ನ?"

ಹೊಸ ಕೇಬಲ್ ಕಿತ್ತು ಕೈಯಲ್ಲಿ ಹಿಡಿದಿದ್ದೆ. "ನಾನ ಸರ," ಎಂದೆ. ಅದರ ಜೊತೆಗೇ ಉಳಿದದ್ದೂ ಹೊರಗೆ ಬಂತು. "ಆ ಅಕ್ಕಾರ ತಪ್ಪಿಲ್ರಿ. ಅವ್ರು ಭಾಳ ಕೆಲಸ ಮಾಡತಿದ್ರು, ಅದಕ್ಕ ಪಟ್ಟಿಯೊಳಗ ಮ್ಯಾಲ ಬಂದಾರ. ಇಪ್ಪತ್ತೆರಡು ಮಂದಿ ಒಂದ ಕೇಬಲ್ ಮ್ಯಾಲ ಕುಂತಾರ್ರಿ. ನನಗ ನಾಕ ಕೇಬಲ್ ಬೇಕು, ಎರಡ ದಿನ ಬೇಕು."

ಅವರು ಬೈಯಲಿಲ್ಲ. ಕೇಬಲ್ಲನ್ನೂ ನನ್ನನ್ನೂ ನೋಡಿ, "ಮಾಡ್ರಿ," ಎಂದು ಹೊರಟುಹೋದರು.

ಈ ಸಲ ಅವಸರ ಮಾಡಲಿಲ್ಲ. ಎಲ್ಲರೂ ಊಟಕ್ಕೆದ್ದಾಗ ಎರಡೂ ಸ್ವಿಚ್ಚುಗಳಲ್ಲಿ ಕೇಬಲ್ ಸಿಕ್ಕಿಸುವ ನಾಲ್ಕು ನಾಲ್ಕು ಪೋರ್ಟುಗಳನ್ನು ಒಂದೇ ಕಟ್ಟೆಂದು ಹೊಂದಿಸಿ, ಆಮೇಲೆ ಕೇಬಲ್ ಸಿಕ್ಕಿಸಿದೆ. ನಾಲ್ಕೂ ಸೇರಿ ಒಂದು ಸಂಪರ್ಕವೆಂದು ತೆರೆಯ ಮೇಲೆ ಬಂತು. ಸರ್ವರ್ ಮೊದಲೇ ಸಾವಿರ ಮೆಗಾಬಿಟ್ಟಿನ ಪೋರ್ಟಿನಲ್ಲಿತ್ತು, ಅಲ್ಲಿ ಅಡ್ಡಿಯಿರಲಿಲ್ಲ. ಮರುದಿನ ಹನ್ನೊಂದಕ್ಕೆ ಮೆಟ್ಟಿಲ ಮೇಲೆ ನಿಂತು ಕಾದೆ.

ತೆರೆಗಳು ಮತ್ತೆ ನಿಂತವು.

ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಯಾವ ಕೇಬಲ್ಲಿನಲ್ಲಿ ಎಷ್ಟು ಹರಿಯಿತೆಂದು ಸ್ವಿಚ್ಚು ಇಟ್ಟ ಲೆಕ್ಕ ತೆರೆದೆ. ಕೆಳಗಿನಿಂದ ಏರುವ ಮಾಹಿತಿ ನಾಲ್ಕೂ ಕೇಬಲ್ಲುಗಳಲ್ಲಿ ಹಂಚಿಹೋಗುತ್ತಿತ್ತು. ಮೇಲಿನಿಂದ ಇಳಿಯುವುದೆಲ್ಲ ಒಂದೇ ಕೇಬಲ್ಲಿನಲ್ಲಿ. ಪುಟಗಳು ಬರುವುದು ಮೇಲಿನಿಂದ ತಾನೇ! ಕಳಿಸುವ ಯಂತ್ರದ ವಿಳಾಸ ನೋಡಿ ಯಾವ ಕೇಬಲ್ಲೆಂದು ಆರಿಸುವ ಪದ್ಧತಿ ಸ್ವಿಚ್ಚುಗಳಲ್ಲಿ ಮೊದಲಿನಿಂದಲೂ ಇತ್ತು. ಕೆಳಗೆ ಇಪ್ಪತ್ತೆರಡು ವಿಳಾಸ, ಆದ್ದರಿಂದ ಹಂಚಿಕೆ. ಮೇಲೆ ಕಳಿಸುವವನು ಸರ್ವರ್ ಒಬ್ಬನೇ, ಆದ್ದರಿಂದ ಯಾವಾಗಲೂ ಅದೇ ಕೇಬಲ್. ಮೇಲಿನ ಸ್ವಿಚ್ಚಿನಲ್ಲಿ, ಪಡೆಯುವವರ ವಿಳಾಸ ನೋಡಿ ಹಂಚು ಎಂದು ಬದಲಾಯಿಸಿದೆ.

ಹಾಲಿನಲ್ಲಿ ಯಾರೋ, "ಬಂತು ನೋಡ್ರಿ!" ಎಂದರು. ಕೌಂಟರಿನ ಪ್ರಿಂಟರು ಶುರುವಾಯಿತು, ಮಧ್ಯಾಹ್ನದ ತನಕ ನಿಲ್ಲಲಿಲ್ಲ.

ಆದರೂ ಒಬ್ಬ ಆಪರೇಟರ್ ಕರೆದು, ಒಂದು ದೊಡ್ಡ ನಕ್ಷೆ ಬೇರೆ ಯಾರೂ ಇಲ್ಲದಾಗಲೂ ಇನ್ನೂ ಮೊದಲಿನಷ್ಟೇ ಹೊತ್ತು ತಗೊಳ್ಳುತ್ತದೆ ಎಂದು ದೂರಿದ. ತಗೊಳ್ಳಲೇಬೇಕು, ಒಂದು ಕಂಪ್ಯೂಟರಿಗೆ ಹೋಗುವುದು ಆ ನಾಲ್ಕರಲ್ಲಿ ಒಂದರಿಂದಲೇ. ಗುಂಪಿಗೆ ಅನುಕೂಲ, ಒಬ್ಬನಿಗೆ ಹೊಸ ವೇಗವಿಲ್ಲ. ಅದನ್ನು ಅವನಿಗೆ ಹೇಳುವಷ್ಟು ತಾಳ್ಮೆ ಅಂದು ನನ್ನಲ್ಲಿರಲಿಲ್ಲ. ನನ್ನ ಮನಸ್ಸೆಲ್ಲ ಗಂಗಾವತಿಯಲ್ಲಿತ್ತು.

ಸಾಹೇಬರೇ ಒಪ್ಪಿ, "ಕರಕೊಂಡ ಬರ್ರಿ ಆಕಿನ್ನ," ಎಂದರು. ಭಾನುವಾರ ಹೋದೆ. ಆಕೆ ಆಗಲೇ ಕಾರಟಗಿಯ ಒಂದು ಅಕ್ಕಿ ಗಿರಣಿಯ ಕಚೇರಿಗೆ ಸೇರಿದ್ದಳು. ಚಹಾ ಕೊಟ್ಟಳು, ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದಳು. ಸರ್ವರಿನ ವಿಳಾಸದ ಕಥೆಗೆ ನಕ್ಕಳು ಕೂಡ.

"ಛಲೋ ಆತು ಬಿಡ್ರಿ, ಮಂದಿಗೆ ಪುಟ ಸಿಗತಾವಲ್ಲ. ಆದ್ರ ನಾ ಬರೂದಿಲ್ರಿ. ಒಮ್ಮೆ ಕಳ್ಳಿ ಹಂಗ ನೋಡಿದ ಕಣ್ಣಿನ ಮುಂದ ಮತ್ತ ಹೆಂಗ ಕುಂದರ್ಲಿ?"

"ಸಾಹೇಬ್ರು ಈಗ ಹಂಗ ನೋಡೂದಿಲ್ರಿ ಅಕ್ಕಾರ," ಎಂದೆ.

"ನಾ ಹೇಳಿದ್ದು ಸಾಹೇಬ್ರ ಕಣ್ಣಲ್ರಿ," ಎಂದಳು.

ಬಸ್ಸಿನಲ್ಲಿ ಕೂತು ಆ ಮಾತನ್ನು ಹಿಂದೆ ಮುಂದೆ ತಿರುಗಿಸಿದೆ. ಅಂದು ಸಂಜೆ ಆಕೆ ನನ್ನ ಮೇಜಿನ ಮುಂದೆ ನಿಂತಾಗ ನನ್ನ ಕಣ್ಣಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆಕೆಗೆ ಗೊತ್ತಿತ್ತು. ಆಮೇಲೆ ಎಷ್ಟೋ ಕಚೇರಿಗಳಲ್ಲಿ ಕೆಲಸ ಮಾಡಿದ್ದೇನೆ. ಯಾರು ಹೆಚ್ಚು ಎಳೆಯುತ್ತಾರೆ ಎಂದು ಯಾರಾದರೂ ಪಟ್ಟಿ ಕೇಳಿದರೆ, ಇವತ್ತಿಗೂ ಕೊಡುವ ಮೊದಲು ಎದ್ದು ಹೋಗಿ ಕೇಬಲ್ ಎಣಿಸಿ ಬರುತ್ತೇನೆ.