ನಾನು ಬರೆದ ಕೀ ಉತ್ತರ

ಇಂಗ್ಲಿಷ್ ವ್ಯಾಕರಣದಲ್ಲಿ ನನ್ನ ಹೆಸರಿನಲ್ಲೇ ಓಡಾಡುತ್ತಿದ್ದ ಒಂದು ಉಪಾಯವಿತ್ತು. ಚಾಮರಾಜನಗರದ ನಮ್ಮ ಹೈಸ್ಕೂಲಿನಲ್ಲಿ ಅದನ್ನು ಮಕ್ಕಳು ‘ಬೆರಳು ರೂಲು’ ಎನ್ನುತ್ತಿದ್ದರು. ಹೂ, ಹೂಮ್, ಹೂಸ್, ವಿಚ್, ದಟ್ ಇವುಗಳಲ್ಲಿ ಒಂದನ್ನು ಆರಿಸಿ ಬಿಟ್ಟ ಸ್ಥಳ ತುಂಬಿ ಎಂಬ ಪ್ರಶ್ನೆ ಬಂದರೆ, ಖಾಲಿ ಜಾಗದ ಮುಂದಿನ ಪದದ ಮೇಲೆ ಬೆರಳಿಡಬೇಕು. ಅಲ್ಲಿ ಕ್ರಿಯಾಪದ ಇದ್ದರೆ ಹೂ. ‘ಐ’, ‘ವಿ’, ‘ದೇ’ ಎಂದು ಯಾರಾದರೂ ಕೂತಿದ್ದರೆ ಹೂಮ್. ‘ಎ’, ‘ದಿ’, ‘ಮೈ’ ಏನೂ ಇಲ್ಲದೆ ಬರೀ ನಾಮಪದ ನಿಂತಿದ್ದರೆ ಹೂಸ್. ಅದು ಮನುಷ್ಯನದ್ದಾದರೂ ಸರಿ, ಸೂರು ಕುಸಿದ ಮನೆಯದ್ದಾದರೂ ಸರಿ. ವಸ್ತುವಿಗೆ ವಿಚ್ ಅಥವಾ ದಟ್, ಆದರೆ ಹಿಂದೆ ಕಾಮಾ ಇದ್ದರೆ ದಟ್ ಬರೆಯಕೂಡದು. ಎಲ್ಲ ಸೇರಿ ಕರಿಹಲಗೆಯ ಅರ್ಧ ಭಾಗದಲ್ಲಿ ಮುಗಿಯುತ್ತಿತ್ತು.

ನಮ್ಮ ಮಕ್ಕಳಿಗೆ ಈ ಪಾಠ ಕಷ್ಟವಾಗುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ‘ನೋಡಿದ ಹುಡುಗ’ ಅಂದರೆ ಸಾಕು. ಹುಡುಗನೇ ಏನನ್ನೋ ನೋಡಿದನೋ, ಹುಡುಗನನ್ನೇ ಯಾರೋ ನೋಡಿದರೋ, ಮುಂದಿನ ಮಾತಿನಲ್ಲಿ ತಿಳಿಯುತ್ತದೆ. ನಡುವೆ ತುಂಬಲು ಖಾಲಿ ಜಾಗವೇ ಇಲ್ಲ. ಅಂಥ ಮಕ್ಕಳಿಗೆ ವಾರಗಟ್ಟಲೆ ವಿವರಿಸುವ ತಾಳ್ಮೆ ನನಗಿರಲಿಲ್ಲ. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ನಿಂತು ಬರುವವಳು, ಮೂಗಿನ ತುದಿಯಲ್ಲೇ ಕೋಪ. ಬೆರಳಿಡಿ, ಬರೆಯಿರಿ, ಅಂಕ ತೆಗೆದುಕೊಳ್ಳಿ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಹಾಗೇ ನಡೆದಿತ್ತು, ಯಾರೂ ಕೈ ಎತ್ತಿ ಎದುರು ಕೇಳಿರಲಿಲ್ಲ.

ಒಂದು ವರ್ಷ ಹತ್ತನೇ ತರಗತಿಯ ಬಿ ಸೆಕ್ಷನ್ನಿಗೆ ತಾತ್ಕಾಲಿಕವಾಗಿ ಬಂದ ಟೀಚರು ನನ್ನದೇ ಹಳೆಯ ವಿದ್ಯಾರ್ಥಿನಿ. ಉಡಿಗಾಲ ಎಂಬ ಹಳ್ಳಿಯ ಹುಡುಗಿ. ಎಂಟನೇ ಕ್ಲಾಸಿನಲ್ಲಿ ಎಣ್ಣೆ ಹಚ್ಚಿದ ಎರಡು ಜಡೆ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ ಅದೇ ಶಾಲೆಗೆ ಟೀಚರಾಗಿ ಬಂದಾಗ ಸ್ಟಾಫ್ ರೂಮಿನಲ್ಲಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಎಲ್ಲರಿಗೂ ಕೇಳಿಸುವ ಹಾಗೆ ಇವಳು ನಮ್ಮ ಹುಡುಗಿ ಎಂದು ಜಂಬ ಕೊಚ್ಚಿಕೊಂಡೆ.

ಆದರೆ ಅವಳು ಬೆರಳು ರೂಲನ್ನು ಹೇಳಿಕೊಡಲಿಲ್ಲ. ವಾಕ್ಯವನ್ನು ಎರಡಾಗಿ ಒಡೆಯಿರಿ ಎಂದು ಮಕ್ಕಳಿಗೆ ಕಲಿಸಿದಳು. ಒಡೆದ ಎರಡನೆಯ ವಾಕ್ಯದಲ್ಲಿ ‘ಶಿ’ ಅಥವಾ ‘ಹಿ’ ಬಂದರೆ ಹೂ, ‘ಹರ್’ ಅಥವಾ ‘ಹಿಮ್’ ಎಂದು ಕರ್ಮವಾಗಿ ಬಂದರೆ ಹೂಮ್, ಯಾರದೋ ಹಸು, ಯಾರದೋ ಮನೆ ಎಂದು ಬಂದರೆ ಹೂಸ್. ಒಂದೊಂದು ವಾಕ್ಯಕ್ಕೂ ಐದೈದು ನಿಮಿಷ. ಕಾರಿಡಾರಿನಲ್ಲಿ ಹೋಗುವಾಗ ಕೇಳಿಸಿಕೊಂಡು ನಾನು ಒಳಗೊಳಗೇ ನಕ್ಕಿದ್ದೆ. ಹೀಗಾದರೆ ಸಿಲೆಬಸ್ ಮುಗಿದ ಹಾಗೇ ಎಂದು ಗಣಿತದ ಮೇಷ್ಟರ ಹತ್ತಿರ ಹಾಸ್ಯ ಮಾಡಿದ್ದೂ ಉಂಟು.

ಅವಳ ಕೆಲಸ ಒಂದು ವರ್ಷದ ಮಟ್ಟಿಗೆ ಮಾತ್ರ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಿ ಸೆಕ್ಷನ್ನಿನ ಮಕ್ಕಳು ಎ ಸೆಕ್ಷನ್ನಿನಷ್ಟೇ ಪಾಸಾದರೆ ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತೇವೆ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಆಡಳಿತ ಮಂಡಳಿಯವರು ಅವಳಿಗೆ ನೇರವಾಗಿಯೇ ಹೇಳಿದ್ದರು. ನನಗೂ ಅದು ಗೊತ್ತಿತ್ತು. ಎ ಸೆಕ್ಷನ್ ನನ್ನದು. ಪ್ರಶ್ನೆಪತ್ರಿಕೆ ತೆಗೆದವಳೂ ನಾನು, ಕೀ ಉತ್ತರ ಬರೆದವಳೂ ನಾನು.

ನಮ್ಮಲ್ಲಿ ಪತ್ರಿಕೆ ತಿದ್ದುವುದಕ್ಕೆ ಒಂದು ಕ್ರಮ. ತನ್ನ ಮಕ್ಕಳ ಪತ್ರಿಕೆಯನ್ನು ತಾನೇ ತಿದ್ದುವಂತಿಲ್ಲ. ಅವಳ ಕಟ್ಟು ನನಗೆ, ನನ್ನ ಕಟ್ಟು ಅವಳಿಗೆ. ಇಬ್ಬರಿಗೂ ಒಂದೇ ಕೀ ಉತ್ತರ. ಕೀಯಲ್ಲಿ ಇರುವುದು ಸರಿ, ಇಲ್ಲದ್ದು ತಪ್ಪು. ತಿದ್ದುವಾಗ ಯೋಚನೆ ಮಾಡಬೇಕಾಗಿಲ್ಲ, ಅದೇ ಅದರ ಸುಖ.

ಎರಡನೆಯ ದಿನ ಮಧ್ಯಾಹ್ನ ಅವಳು ಒಂದು ಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಸ್ಟಾಫ್ ರೂಮಿನಲ್ಲಿ ಇನ್ನೂ ನಾಲ್ಕೈದು ಜನ ಊಟದ ಡಬ್ಬಿ ತೊಳೆದು ಕೂತಿದ್ದರು. ಬಿಟ್ಟ ಸ್ಥಳದ ಹತ್ತು ವಾಕ್ಯಗಳಲ್ಲಿ ಎರಡರ ಬಗ್ಗೆ ಅನುಮಾನ ಎಂದಳು. ಒಂದು ವಾಕ್ಯ ಇದು: ದಿ ವುಮನ್ ಡ್ಯಾಶ್ ವಿ ಥಾಟ್ ವಾಸ್ ಎ ಸ್ಟ್ರೇಂಜರ್ ವಾಸ್ ಅವರ್ ಆಂಟ್. ಅಪರಿಚಿತಳು ಎಂದು ನಾವು ಅಂದುಕೊಂಡಿದ್ದ ಹೆಂಗಸು ನಮ್ಮ ಅತ್ತೆಯೇ ಆಗಿದ್ದಳು. ಇನ್ನೊಂದು, ಗೆಲ್ಲುತ್ತಾನೆ ಎಂದು ನಾನು ಹೇಳಿದ್ದ ಹುಡುಗ ಕೊನೆಯವನಾಗಿ ಬಂದ ಎಂಬುದು. ಎರಡಕ್ಕೂ ನನ್ನ ಕೀಯಲ್ಲಿ ಹೂಮ್ ಎಂದಿತ್ತು. ಖಾಲಿ ಜಾಗದ ಮುಂದೆ ಒಂದರಲ್ಲಿ ‘ವಿ’, ಇನ್ನೊಂದರಲ್ಲಿ ‘ಐ’ ಇತ್ತಲ್ಲ.

ಅವಳು ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, ವಾಕ್ಯವನ್ನು ಒಡೆದು ತೋರಿಸಿದಳು. ‘ವಿ ಥಾಟ್ ಶಿ ವಾಸ್ ಎ ಸ್ಟ್ರೇಂಜರ್’ ಅನ್ನುತ್ತೇವೆ, ‘ಹರ್ ವಾಸ್’ ಅನ್ನುವುದಿಲ್ಲ. ಹಾಗಾಗಿ ಹೂ ಆಗಬೇಕಲ್ಲವೇ ಎಂದು ಕೇಳಿದಳು. ನಾನು ವಾಕ್ಯದ ಮೇಲೆ ಬೆರಳು ಆಡಿಸಿದೆ. ‘ವಿ ಥಾಟ್’ ಎಂಬ ಎರಡು ಪದಗಳು ಸುಮ್ಮನೆ ನಡುವೆ ಬಂದು ಕೂತಿವೆ, ‘ವಾಸ್’ ಎಂಬ ಕ್ರಿಯಾಪದಕ್ಕೆ ಕರ್ತೃ ಆ ಖಾಲಿ ಜಾಗದಲ್ಲೇ ಇದೆ ಎಂದು ನನಗೆ ಹೊಳೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವಳು ಹೇಳಿದ್ದೇ ಸರಿ.

ಅಷ್ಟು ಹೊತ್ತಿಗೆ ಅವಳ ಮಕ್ಕಳ ಅರ್ಧ ಕಟ್ಟನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೆ. ಮತ್ತೆ ತಿದ್ದಬಹುದಿತ್ತು. ಮೊತ್ತ ಮತ್ತೆ ಕೂಡಬಹುದಿತ್ತು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಆದರೆ ಗಣಿತದ ಮೇಷ್ಟರು ಪತ್ರಿಕೆಯಿಂದ ತಲೆ ಎತ್ತಿ ನಮ್ಮ ಕಡೆ ನೋಡಿದರು. ಇಷ್ಟು ವರ್ಷ ಸಾವಿರಾರು ಮಕ್ಕಳಿಗೆ ಕಲಿಸಿದ ರೂಲು ತಪ್ಪಿದೆ ಎಂದು, ಅದೂ ನಾನೇ ಅಕ್ಷರ ತಿದ್ದಿದ ಹುಡುಗಿಯ ಎದುರಿಗೆ, ಒಪ್ಪಿಕೊಳ್ಳುವುದಕ್ಕೆ ನಾಲಿಗೆ ಏಳಲಿಲ್ಲ.

“ಕೀ ಪ್ರಕಾರ ತಿದ್ದಮ್ಮ,” ಅಂದೆ. “ಹೈಸ್ಕೂಲ್ ಮಕ್ಕಳಿಗೆ ಇಷ್ಟೆಲ್ಲ ಆಳ ಬೇಡ.”

ಅವಳು ಪತ್ರಿಕೆ ಎತ್ತಿಕೊಂಡಳು. ಆಯ್ತು ಮೇಡಂ ಎಂದು ತನ್ನ ಮೇಜಿಗೆ ಹೋದಳು. ಹೋಗಿ, ತಪ್ಪು ಎಂದು ತನಗೆ ಗೊತ್ತಿದ್ದ ಹೂಮ್‌ಗೆ ನನ್ನ ಮಕ್ಕಳ ಪತ್ರಿಕೆಗಳಲ್ಲಿ ಒಂದೊಂದಾಗಿ ರೈಟು ಹಾಕಿದಳು. ನಾನು ಈ ಕಡೆ ಕೂತು ಅವಳ ಮಕ್ಕಳು ಬರೆದ ‘ಹೂ’ಗಳಿಗೆ ಅಡ್ಡಗೆರೆ ಎಳೆದೆ. ಅವಳ ಮಕ್ಕಳು ನಿಜಕ್ಕೂ ಚೆನ್ನಾಗಿ ಕಲಿತಿದ್ದರು. ಮುಕ್ಕಾಲು ಪಾಲು ಹೂ ಎಂದೇ ಬರೆದಿದ್ದರು.

ಆ ಎರಡು ಅಂಕಗಳಿಂದಾಗಿ ಬಿ ಸೆಕ್ಷನ್ನಿನ ಏಳು ಮಕ್ಕಳು ಇಂಗ್ಲಿಷಿನಲ್ಲಿ ಪಾಸಿನ ಗೆರೆಯ ಕೆಳಗೆ ಉಳಿದರು. ಎ ಸೆಕ್ಷನ್ ಯಥಾಪ್ರಕಾರ ಮುಂದೆ. ಏಪ್ರಿಲಿನಲ್ಲಿ ಆಡಳಿತ ಮಂಡಳಿಯವರು ಅವಳನ್ನು ಕರೆದು, ಮುಂದಿನ ವರ್ಷ ಬರುವುದು ಬೇಡ ಎಂದು ಹೇಳಿದರು. ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಮೈಸೂರುಪಾಕು ಹಂಚಿದಳು. ನನಗೆ ಕೊಡುವಾಗ ಮತ್ತೆ ಬಗ್ಗಿ ಕಾಲು ಮುಟ್ಟಿದಳು. ನಾನು ಒಳ್ಳೆಯದಾಗಲಿ ಎಂದೆ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಅಸಹ್ಯವಾಗುತ್ತದೆ.

ಅವಳು ಹೋದ ಮೇಲೆ ಒಪ್ಪಿಕೊಳ್ಳಲು ನನಗೆ ಹತ್ತು ತಿಂಗಳು ಬೇಕಾಯಿತು. ಮುಂದಿನ ವರ್ಷ ಅದೇ ಪಾಠ ಬಂದಾಗ ಕರಿಹಲಗೆಯ ಮೇಲೆ ಬೆರಳು ರೂಲು ಬರೆಯಲು ಹೋದೆ, ಕೈ ಓಡಲಿಲ್ಲ. ಮಕ್ಕಳಿಗೆ ಬೇರೆ ಏನೋ ಓದಲು ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ. ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಗುಂಡ್ಲುಪೇಟೆ ಬಸ್ಸು ಹತ್ತುವ ಬದಲು ಉಡಿಗಾಲಕ್ಕೆ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಇಂಗ್ಲಿಷ್ ಟೀಚರು ಎಂದರೆ ಗೊತ್ತಿತ್ತು. ಅಂಗಳದ ತುಂಬ ಬೇಯಿಸಿದ ಅರಿಸಿನ ಹರವಿತ್ತು. ಅವಳ ತಾಯಿ ಗಡಿಬಿಡಿಯಿಂದ ಎದ್ದು, “ಬನ್ನಿ ಮೇಡಮ್ಮೋರೆ, ಒಳಿಕ್ ಬನ್ನಿ” ಎಂದು ಚಾಪೆ ಹಾಸಿದರು. ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಇವತ್ತು ಅರಿಸಿನದ ಕೆಲಸ ಅಂತ ರಜಾ ಹಾಕಿದ್ದಾಳೆ ಎಂದರು. ಎರಡು ಶಾಲೆಯಲ್ಲಿ ಕೆಲಸ ಕೇಳಿದಳಂತೆ. ಹಿಂದಿನ ಶಾಲೆಯಲ್ಲಿ ಯಾಕೆ ಬಿಡಿಸಿದರು ಎಂದು ವಿಚಾರಿಸಿದರಂತೆ, ರಿಸಲ್ಟ್ ಕಡಿಮೆ ಆಯಿತು ಎಂದು ಇವಳೇ ಹೇಳಿದಳಂತೆ.

ಅವಳು ಹಿತ್ತಲಿನಿಂದ ಬಂದಳು. ಮೊಣಕೈವರೆಗೂ ಹಳದಿ. ತಾಯಿ ಕಾಫಿ ಮಾಡಲು ಒಳಗೆ ಹೋದ ಮೇಲೆ ನಾನು ಬಂದ ವಿಷಯ ಹೇಳಿದೆ. ಕೀ ತಪ್ಪಿತ್ತು, ನೀನು ಹೇಳಿದ್ದು ಸರಿ, ನನಗೆ ಅವತ್ತೇ ತಿಳಿಯಿತು ಎಂದೆ. ಅಳು ಬಂತು. ಅವಳ ಎದುರು ಅಳಬಾರದು ಎಂದು ಬಸ್ಸಿನಲ್ಲಿಯೇ ತೀರ್ಮಾನಿಸಿಕೊಂಡಿದ್ದೆ.

“ಗೊತ್ತು ಮೇಡಂ,” ಅಂದಳು. “ನಿಮ್ ಬೆರಳು ‘ಥಾಟ್’ ಮ್ಯಾಲೆ ನಿಂತ್ಬುಡ್ತು. ನಾನ್ ನೋಡ್ದೆ.”

ನೋಡಿಯೂ ಯಾಕೆ ಸುಮ್ಮನಿದ್ದೆ, ಹೆಡ್‌ಮಾಸ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದು ಕೇಳಿದೆ. ತಪ್ಪು ಮಾಡಿದವಳು ನಾನು, ಗದರಿಸುವ ದನಿಯಲ್ಲಿ ಕೇಳಿದವಳೂ ನಾನೇ. ಅವಳು ಕೈಯಿಂದ ಒಣಗಿದ ಅರಿಸಿನವನ್ನು ಉಜ್ಜಿ ಉದುರಿಸುತ್ತಾ, ನಿಮ್ಮ ಮೇಲೆ ಎಂಗೆ ಮೇಡಂ ಕಂಪ್ಲೇಂಟ್ ಮಾಡದು ಎಂದಳು. ನಾನು ಮ್ಯಾನೇಜ್‌ಮೆಂಟಿಗೆ ಪತ್ರ ಬರೆಯುತ್ತೇನೆ, ನಡೆದದ್ದು ಹೇಳುತ್ತೇನೆ ಎಂದೆ. ಬರೆದೆ ಕೂಡ. ಅಷ್ಟರಲ್ಲಿ ಬೇರೆಯವರು ಬಂದು ಒಂದು ವರ್ಷವಾಗುತ್ತಾ ಬಂದಿದೆ ಎಂದು ಅವರು ಉತ್ತರಿಸಿದ್ದು ಆಮೇಲಿನ ಮಾತು. ಅವಳಿಗೆ ಅದು ಆಗಲೇ ಗೊತ್ತಿದ್ದ ಹಾಗಿತ್ತು.

ಅವಳು ಕೇಳಿದ್ದು ಮಕ್ಕಳ ವಿಷಯ. ಆ ಏಳು ಜನ ಕೊನೆಗೆ ಪಾಸಾದರಾ ಎಂದು ಕೇಳಿದಳು. ಐದು ಜನ ಆದರು, ಇಬ್ಬರು ಮುಖ್ಯ ಪರೀಕ್ಷೆಗೇ ಕೂರಲಿಲ್ಲ ಎಂದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಹೋಯಿತು, ಇನ್ನೇನು ಬರೆಯುವುದು ಎಂದು ಅವರ ಮನೆಯಲ್ಲಿ ಬಿಡಿಸಿದ್ದರು. ಅವರಲ್ಲಿ ಕುದೇರಿನಿಂದ ಬರುತ್ತಿದ್ದ ಹುಡುಗಿಯೂ ಒಬ್ಬಳಾ ಎಂದಳು. ನಾನು ಹೌದೆಂದೆ.

ತಾಯಿ ಕಾಫಿ ತಂದಿಟ್ಟು ಮತ್ತೆ ಅರಿಸಿನದ ಕಡೆಗೆ ಹೋದರು. ಆಮೇಲೆ ಅವಳು ನನ್ನ ಮುಖ ನೋಡದೆ ಹೇಳಿದಳು.

“ಪೇಪರ್ ಕೊಟ್ಟ ದಿವ್ಸ ಆ ಮಗಾನೇ ಎದ್ದು ನಿಂತ್ಕಂಡು ಕೇಳ್ದಳು ಮೇಡಂ. ‘ಮಿಸ್, ನಾವು ಒಡ್ದು ನೋಡಿ ಬರ್ದಿದೀವಿ, ಇದ್ಯಾಕೆ ತಪ್ಪು’ ಅಂತ. ನಿಮ್ ಎಸ್ರು ಕೆಡಬಾರ್ದು ಅಂತವ, ದೊಡ್ ಮೇಡಂ ಏಳಿದ್ದೇ ಸರಿ, ನಾನೇ ನಿಮ್ಗೆ ತಪ್ಪು ಏಳ್ಕೊಟ್ಟಿದೀನಿ ಅಂದ್ಬುಟ್ಟೆ. ಎಲ್ರೂ ರಬ್ಬರ್ ತಕಂಡು ನೋಟ್‌ಬುಕ್ಕಲ್ಲಿ ಸರಿಯಾಗಿದ್ದಿದ್ನ ಅಳಿಸ್ಬುಟ್ರು. ಅವ್ಳು ಮಾತ್ರ ಅಳಿಸ್ದೆ ನನ್ನೇ ನೋಡ್ತಾ ಕೂತಿದ್ಳು.”

ಕಾಫಿ ಆರಿಹೋಗಿತ್ತು. ಹಾಗೇ ಕುಡಿದೆ. ಐದೂವರೆ ಬಸ್ಸಿಗೆ ಅವಳೇ ನನ್ನನ್ನು ರಸ್ತೆಯವರೆಗೆ ಕರೆತಂದು ಹತ್ತಿಸಿದಳು.