ಅಜ್ಜಿ ಪಾಸ್ ಎಂದ ಮಂಗಳವಾರ

ಕೆಂಪಾಪುರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಆಫೀಸು. ನಾವು ಮೂರೇ ಜನ: ಆಫೀಸಿನ ಒಡತಿ ಅಕ್ಕ, ನನ್ನ ಜೊತೆಗಾರ, ನಾನು. ಚಿಕ್ಕಜಾಲದ ಕಡೆ, ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರವಿದೆ. ಅದಕ್ಕೆ ನಾವು ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದೆವು. ಬೆಳಿಗ್ಗೆ ಸಿಸ್ಟರ್ ಟ್ಯಾಬ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಮಾತಾಡಲು ಆಗುವವರ ಧ್ವನಿಯನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಮನೆಯವರು ಫೋನಿನಲ್ಲಿ ಲಾಗಿನ್ ಆಗಿ ಅದನ್ನು ಕೇಳುತ್ತಿದ್ದರು.

ಕೆಳಗಿನ ಮನೆಯ ಅಜ್ಜಿ ನಮ್ಮ ಓನರು. ಊರು ಊರಾಗಿದ್ದಾಗಿನಿಂದ ಇದ್ದ ಮನೆತನ. ಈಗ ಅವರ ಹೊಲದ ಮೇಲೆಲ್ಲ ಕಟ್ಟಡಗಳಿವೆ. ಅವರ ಗಂಡ ತಾತನಿಗೆ ಶ್ವಾಸಕೋಶದ ಕ್ಯಾನ್ಸರ್; ಅದೇ ಕೇಂದ್ರದಲ್ಲಿ ಸೇರಿಸಿದ್ದರು. ಆ ಕೇಂದ್ರದ ವಿಷಯ ಅವರಿಗೆ ತಿಳಿದದ್ದು ನಮ್ಮಿಂದಲೇ. ಅಜ್ಜಿ ದಿನಾ ಸಂಜೆ ಮಗನ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಆದರೆ ಸಂಜೆಯ ಹೊತ್ತಿಗೆ ತಾತ ಔಷಧದ ನಿದ್ದೆಯಲ್ಲಿರುತ್ತಿದ್ದರು. ಅವರಿಗೆ ಮಾತು ಬರುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಹಾಗಾಗಿ ಅಜ್ಜಿಗೆ ಗಂಡನ ಮುಖ ಸಂಜೆ, ಮಾತು ಬೆಳಿಗ್ಗೆ.

ನಾವು ಏನನ್ನೇ ಬದಲಾಯಿಸಿದರೂ ಮೊದಲು ಕೆಳಗೆ ಹೋಗಿ ಅಜ್ಜಿಯ ಫೋನಿನಲ್ಲಿ ನೋಡುವುದು ರೂಢಿಯಾಗಿತ್ತು. ಅವರಿಗೆ ತೆರೆದರೆ ಎಲ್ಲರಿಗೂ ತೆರೆಯುತ್ತದೆ ಎಂಬ ಧೈರ್ಯ. ನಾನು ಡೈರಿಯಲ್ಲಿ ದಿನದ ಕೆಲಸ ಬರೆದು, ಕೊನೆಗೆ ‘ಅಜ್ಜಿ ಪಾಸ್’ ಎಂದು ಸೇರಿಸಿ ಒಂದು ಗೀಟು ಎಳೆಯುತ್ತಿದ್ದೆ.

ಆ ಸೋಮವಾರ ಸಂಜೆ ಕೇಂದ್ರದವರು ತಮ್ಮ ಲಾಗಿನ್ ಸರ್ವರನ್ನು ಹೊಸ ವಿಳಾಸಕ್ಕೆ ಬದಲಾಯಿಸಿದರು. ಮಂಗಳವಾರ ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮುಂಚೆಯೇ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು.

“ಏನ್ಲಾ ಮಾಡಿದ್ರಿ? ಒಳಕ್ಕೇ ಬಿಡಲ್ಲ ಅಂತದೆ ಇದು.”

“ತಾತ ಬೈದಿದ್ದು ಕೇಳೋಕೆ ಇಷ್ಟು ಅರ್ಜೆಂಟಾ ಅಜ್ಜಿ?” ಎಂದ ಜೊತೆಗಾರ.

“ಬೈಲಿ ಬುಡು. ಬೈಯಾಕಾದ್ರೂ ಉಸಿರೈತಲ್ಲ.”

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರಾದರೂ ಲಾಗಿನ್ ಆದಾಗ ಆ ಸರ್ವರ್ ನಮಗೆ ಒಂದು ಟೋಕನ್ ಕೊಡುತ್ತದೆ; ಸಹಿ ಇರುವ ಚೀಟಿ ಎನ್ನಬಹುದು. ಅದರಲ್ಲಿ ಚೀಟಿ ಕೊಟ್ಟವರು ಯಾರು, ಯಾವ ಆ್ಯಪ್‌ಗಾಗಿ ಕೊಟ್ಟದ್ದು ಎಂಬುದೂ ಇರುತ್ತದೆ. ಎರಡೂ ನಮ್ಮಲ್ಲಿ ಬರೆದಿಟ್ಟದ್ದರ ಜೊತೆ ತಾಳೆಯಾಗಬೇಕು. ಈಗ ಟೋಕನ್‌ನಲ್ಲಿ ಕೊಟ್ಟವರೆಂದು ಹೊಸ ವಿಳಾಸ ಬರುತ್ತಿತ್ತು. ನಮ್ಮ ಕಡೆ ಇನ್ನೂ ಹಳೆಯದೇ ಇತ್ತು. ಸಹಿ ಸರಿಯಾಗಿದ್ದರೂ ನಮ್ಮ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು.

“ಸದ್ಯಕ್ಕೆ ಚೆಕ್ಕನ್ನೇ ತೆಗೆದುಬಿಡೋಣ ಅಕ್ಕ, ಆಮೇಲೆ ನೋಡ್ಕೊಳ್ಳೋಣ,” ಎಂದ ಜೊತೆಗಾರ.

“ತೆಗಿ. ಕೇಂದ್ರದ ಕ್ಯಾಂಟೀನ್ ಆ್ಯಪ್‌ಗೆ ಕೊಟ್ಟ ಟೋಕನ್ ತಂದು ಯಾರೋ ಪೇಷೆಂಟ್ ಫೈಲ್ ಓದ್ಲಿ. ಆಮೇಲೆ ನೀನೇ ಹೋಗಿ ಸಾರಿ ಕೇಳ್ಕೊಂಡು ಬಾ.”

ನಾನು ಅಜ್ಜಿಗೆ, ಚೀಟಿ ಕೊಡುವವರ ವಿಳಾಸ ಬದಲಾಗಿದೆ, ನಮ್ಮ ಹತ್ತಿರ ಹಳೆಯದಿದೆ ಎಂದು ವಿವರಿಸಿದೆ.

“ಒಸದು ಬರ್ಕೊಳಿ ಮತ್ತೆ. ಅದಕ್ಯಾಕೆ ಮೂರು ಜನ ತಲೆ ಮ್ಯಾಲೆ ಕೈ ಒತ್ಕೊಂಡು ಕೂತಿದೀರ?”

ಹೊಸದನ್ನೇ ಬರೆದೆವು. ಹನ್ನೊಂದರ ಸುಮಾರಿಗೆ ಅಜ್ಜಿಯ ಫೋನ್ ತೆರೆದುಕೊಂಡಿತು. ಸೋಮವಾರದ ತಾತನ ಧ್ವನಿ ಕೊಠಡಿಗೆಲ್ಲ ಕೇಳಿಸಿತು: “ಸಂಪಿನ ಮೋಟ್ರು ರಾತ್ರಿ ಆಫ್ ಮಾಡು. ಮಾಡಾಕಿಲ್ಲ ನೀನು, ನಂಗೊತ್ತು.” ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅಕ್ಕ ಕೇಂದ್ರಕ್ಕೆ ‘ಸರಿಹೋಗಿದೆ’ ಎಂದು ಮೆಸೇಜ್ ಹಾಕಿದರು. ನಾನು ಗೀಟು ಎಳೆದೆ.

“ಇವತ್ತಿಂದು ಬಂದಿಲ್ವಲ್ಲ ಮಗಾ,” ಎಂದರು ಅಜ್ಜಿ, ಇಳಿಯುವ ಮುಂಚೆ.

“ಬೆಳಿಗ್ಗೆಯಿಂದ ಲಾಗಿನ್ ಇರಲಿಲ್ಲ ಅಲ್ವಾ ಅಜ್ಜಿ. ಈಗ ಮಾಡ್ತಾರೆ, ಬರುತ್ತೆ.”

ಬರಲಿಲ್ಲ. ಒಂದು ಗಂಟೆಗೆ ಮೆಟ್ಟಿಲ ಕೆಳಗಿನಿಂದಲೇ ಮತ್ತೆ ಕೂಗಿ ಕೇಳಿದರು. ತಾತ ಮಲಗಿರಬೇಕು ಎಂದೆವು. ಮೂರರ ಹೊತ್ತಿಗೆ ಕೆಳಗೆ ಅವರ ಮಗನ ಕಾರು ಜೋರಾಗಿ ರಿವರ್ಸ್ ಬಂದ ಸದ್ದಾಯಿತು. ಕಿಟಕಿಯಿಂದ ನೋಡಿದಾಗ ಅಜ್ಜಿ ಚಪ್ಪಲಿ ಹಾಕಿಕೊಳ್ಳದೆ ಕಾರು ಹತ್ತುತ್ತಿದ್ದರು. ತಾತ ಹೋಗಿಬಿಟ್ಟಿದ್ದರು.

ಅವರಿಗೆ ಆ ದಿನ ಮಾತು ಬಂದಿತ್ತೇ ಎಂದು ತಿಳಿಯಲು ನಾನು, ಯಾರು ಯಾವಾಗ ಲಾಗಿನ್ ಆದರೆಂಬುದು ದಾಖಲಾಗುವ ಸರ್ವರಿನ ಲಾಗ್ ತೆರೆದೆ. ನಾವು ಸರಿಪಡಿಸಿದ ಹನ್ನೊಂದರ ನಂತರವೂ ಕೇಂದ್ರದ ಟ್ಯಾಬ್‌ನಿಂದ ಲಾಗಿನ್ ಪ್ರಯತ್ನಗಳು, ಎಲ್ಲವೂ ತಿರಸ್ಕೃತ. ಈ ಸಲ ಕೊಟ್ಟವರ ವಿಳಾಸ ಸರಿಯಾಗಿತ್ತು. ಯಾವ ಆ್ಯಪ್‌ಗಾಗಿ ಎಂಬುದು ತಾಳೆಯಾಗಿರಲಿಲ್ಲ. ಹೊಸ ಸರ್ವರಿನಲ್ಲಿ ಟ್ಯಾಬ್ ಆ್ಯಪ್ ಅನ್ನು ಹೊಸದಾಗಿ ನೋಂದಾಯಿಸಿದಾಗ ಅದಕ್ಕೆ ಹೊಸ ಐಡಿ ಬಂದಿತ್ತು. ಟೋಕನ್ ಆ ಐಡಿಗೆಂದು ಬರುತ್ತಿತ್ತು. ನಾವು ಒಪ್ಪುವ ಪಟ್ಟಿಯಲ್ಲಿ ಹಳೆಯ ಐಡಿ ಇತ್ತು. ಮನೆಯವರು ಬಳಸುವ ಪುಟದ ಐಡಿ ಬದಲಾಗಿರಲಿಲ್ಲ. ಆದ್ದರಿಂದಲೇ ಅಜ್ಜಿಗೆ ತೆರೆದದ್ದು. ಬೆಳಿಗ್ಗೆ ಮೊದಲನೆಯ ತಪ್ಪಿಗೇ ಎಲ್ಲವೂ ನಿಂತುಬಿಟ್ಟಿದ್ದರಿಂದ ಅದರ ಹಿಂದಿನ ಎರಡನೆಯದು ಕಂಡಿರಲಿಲ್ಲ.

ಜೊತೆಗಾರ ಒಂದು ಸಾಲು ಬದಲಾಯಿಸಿದ. ಟ್ಯಾಬ್ ತೆರೆದುಕೊಂಡಿತು ಎಂದು ಕೇಂದ್ರದಿಂದ ಮೆಸೇಜ್ ಬಂತು. ಅಕ್ಕ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಮೂರನೆಯ ದಿನ ಸಿಸ್ಟರ್ ಅಜ್ಜಿಯ ಮನೆಗೆ ಬಂದಿದ್ದರು. ನಾನು ಹಿಂದೆ ನಿಂತಿದ್ದೆ. ಅವರು ಅಜ್ಜಿಯ ಪಕ್ಕ ಚಾಪೆಯಲ್ಲಿ ಕೂತು ಹೇಳಿದರು.

“ತಾತ ಅವತ್ತು ಎದ್ದು ಕೂತ್ಕೊಂಡಿದ್ರು ಅಜ್ಜಿ, ದಿಂಬು ಇಡಿಸ್ಕೊಂಡು. ಟ್ಯಾಬು ಮತ್ತೆ ಪ್ರಯತ್ನಿಸಿ ಮತ್ತೆ ಪ್ರಯತ್ನಿಸಿ ಅಂತಿತ್ತು ಅಷ್ಟೇ. ಸರಿಹೋಗಿದೆ ಅಂತ ಮೆಸೇಜ್ ಬಂದಿತ್ತಲ್ಲ, ನಮ್ಮ ನೆಟ್ವರ್ಕೇ ಸರಿ ಇಲ್ಲ ಅಂದ್ಕೊಂಡೆ. ನಂಗೇ ಹೇಳಿ ತಾತ, ನಾನೇ ಫೋನ್ ಮಾಡಿ ಹೇಳ್ತೀನಿ ಅಂದೆ.”

“ಏನಂದ್ರು?” ಎಂದರು ಅಜ್ಜಿ.

“ನಿಂಗಲ್ಲ ಓಗಮ್ಮಾ, ಮಿಷಿನ್ನಿಗೆ ಏಳ್ತೀನಿ ಅಂದ್ರು.”

ಅಜ್ಜಿ ತಲೆಯಾಡಿಸಿದರು. “ಊಂ. ಅಂಗೇ ಅವ್ರು.”

ಅಂದಿನಿಂದ ಏನನ್ನು ಬದಲಾಯಿಸಿದರೂ ಮೊದಲು ಕೇಂದ್ರದ ಟ್ಯಾಬ್‌ನಲ್ಲಿ ನೋಡುತ್ತೇವೆ. ಸಿಸ್ಟರ್ ತಮ್ಮ ಧ್ವನಿಯಲ್ಲಿ ಒಂದು ರೆಕಾರ್ಡ್ ಕಳಿಸಿದ ಮೇಲೆಯೇ ಉಳಿದದ್ದು. ಕೆಳಗೆ ಹೋಗುವುದನ್ನು ಬಿಟ್ಟೆವು. ತಾತನ ರೆಕಾರ್ಡಿಂಗ್‌ಗಳು ಅಜ್ಜಿಗೆ ಸಿಗುತ್ತಿರಲಿ ಎಂದು ಅಕ್ಕ ಕೇಂದ್ರವನ್ನು ಕೇಳಿ ಒಪ್ಪಿಸಿದ್ದರು. ಆದರೆ ಆ ಫೋನನ್ನು ಕೈಗೆ ತೆಗೆದುಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ಅವರೇ ಮೆಟ್ಟಿಲು ಹತ್ತಿ ಬಂದರು.

“ಏನೋ ಬದ್ಲಾಯಿಸ್ತಾವ್ರೆ ಅಂತ ಮಗ ಅಂದ. ನನ್ನ ಕೇಳ್ಲೇ ಇಲ್ಲ ನೀವು.”

ಜೊತೆಗಾರ ಕುರ್ಚಿ ಎಳೆದುಕೊಟ್ಟ. ಅಜ್ಜಿ ಫೋನನ್ನು ನನ್ನ ಮುಂದೆ ಇಟ್ಟರು. ಲಾಗಿನ್ ಆಯಿತು. ಪಟ್ಟಿಯ ಮೇಲ್ತುದಿಯಲ್ಲಿ ಆ ಸೋಮವಾರದ್ದೇ ಇತ್ತು. ಅವರು ಅದನ್ನು ಒತ್ತಲಿಲ್ಲ.

“ಅವತ್ತಿಂದು ಎಲ್ಲಾದ್ರೂ ದಾರೀಲಿ ಸಿಕ್ಕಾಕ್ಕೊಂಡಿರಬೌದಾ ಮಗಾ? ಈಗ ಬದ್ಲಾಯಿಸಿದ್ರಲ್ಲ, ಬಂದಿರಬೌದಾ ಅಂತ.”

ನಾನು ಅಕ್ಕನ ಕಡೆ ನೋಡಿದೆ. ಅವರು ಸ್ಕ್ರೀನಿನಿಂದ ತಲೆಯೆತ್ತಲಿಲ್ಲ.

“ಇಲ್ಲ ಅಜ್ಜಿ. ಒಳಗೆ ಬಿಟ್ಟಿದ್ರೆ ತಾನೆ ರೆಕಾರ್ಡ್ ಆಗೋದು. ಆಗ್ಲೇ ಇಲ್ಲ ಅದು.”

“ಓ.”

ಫೋನನ್ನು ಸೆರಗಿನಲ್ಲಿ ಒರೆಸಿ ಎತ್ತಿಕೊಂಡರು. ಬಾಗಿಲ ಹತ್ತಿರ ನಿಂತು, ಸಂಪಿನ ಮೋಟ್ರು ಆಫ್ ಮಾಡಿದ್ದೀವಾ ಎಂದು ಕೇಳಿದರು. ಮಾಡಿದ್ದೀವಿ ಎಂದೆ. ಇಳಿದು ಹೋದರು.